ಇ.ಸಿ.ಯಲ್ಲಿ ಕಾಣದ ಅಡಮಾನ

ಮನೆ ಕೊಳ್ಳುವವರು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸುತ್ತಾರೆ. ಅದರಲ್ಲಿ ಸಾಲದ ಉಲ್ಲೇಖವಿಲ್ಲದಿದ್ದರೆ ನಿಶ್ಚಿಂತರಾಗುತ್ತಾರೆ. ಆದರೆ ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಅಡಮಾನ ಪತ್ರವನ್ನೇ ಬರೆಯದೆ, ಮೂಲ ಕ್ರಯಪತ್ರವನ್ನು ಬ್ಯಾಂಕಿನ ಕೈಗೆ ಕೊಟ್ಟು ಆಸ್ತಿಯನ್ನು ಅಡವಿಡುವ ದಾರಿಯೂ ಇದೆ. ಬ್ಯಾಂಕಿನವರು ಅದನ್ನು ಇಕ್ವಿಟೆಬಲ್ ಮಾರ್ಟ್‌ಗೇಜ್ ಎನ್ನುತ್ತಾರೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ, 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲಕ್ಕೆ ಸ್ಥಿರಾಸ್ತಿ ಅಡವಿಡಬೇಕಾದರೆ ಪತ್ರ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ನೋಂದಾಯಿಸಬೇಕು. ಮೂಲ ಪತ್ರಗಳನ್ನು ಒಪ್ಪಿಸಿ ಮಾಡುವ ಅಡಮಾನಕ್ಕೆ ಈ ಕಟ್ಟುಪಾಡಿಲ್ಲ. ಸಾಲ ಇರಬೇಕು, ಪತ್ರಗಳು ಕೈ ಬದಲಿಸಬೇಕು, ಅವು ಸಾಲಕ್ಕೆ ಭದ್ರತೆಯೆಂಬ ಉದ್ದೇಶವಿರಬೇಕು. ಪತ್ರ ಕೊಡುವ ಊರು ಮಾತ್ರ ಕೋಲ್ಕತ್ತ, ಚೆನ್ನೈ, ಮುಂಬೈ ಅಥವಾ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದ ಪಟ್ಟಣವಾಗಿರಬೇಕು. ಆಸ್ತಿ ಎಲ್ಲಿದ್ದರೂ ನಡೆಯುತ್ತದೆ.

1950ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ರಚ್‌ಪಾಲ್ ಮಹಾರಾಜ್ ಪ್ರಕರಣದಲ್ಲಿ ಆಸ್ತಿ ಬಿಹಾರದ ಸಮಸ್ತಿಪುರದಲ್ಲಿತ್ತು, ಪತ್ರಗಳನ್ನು ಕೊಟ್ಟದ್ದು ಕೋಲ್ಕತ್ತದಲ್ಲಿ. ಜೊತೆಗೊಂದು ಕಾಗದವಿತ್ತು. ‘ಈ ದಿನ ಪತ್ರಗಳನ್ನು ಒಪ್ಪಿಸಿದ್ದೇವೆ’ ಎಂಬುದು ಅದರ ಸಾರ. ಆಗಲೇ ಮುಗಿದ ವ್ಯವಹಾರದ ದಾಖಲೆಯಷ್ಟೇ ಅದು, ನೋಂದಣಿ ಬೇಕಿಲ್ಲ ಎಂದಿತು ಕೋರ್ಟು. ಕೊಡು-ಕೊಳ್ಳುವ ಕರಾರೇ ಆ ಕಾಗದದಲ್ಲಿದ್ದರೆ ಲೆಕ್ಕ ಬೇರೆ. ಆಗ ಅದನ್ನು ನೋಂದಾಯಿಸಲೇಬೇಕು, ಇಲ್ಲದಿದ್ದರೆ ಅಡಮಾನಕ್ಕೆ ಪುರಾವೆಯಾಗದು. ಬ್ಯಾಂಕುಗಳು ಮೊದಲು ಪತ್ರ ಪಡೆದು, ‘ಇಂಥ ದಿನ ತಂದೊಪ್ಪಿಸಿದರು’ ಎಂಬ ಮೆಮೊರಾಂಡಮ್ ಅನ್ನು ಆಮೇಲೆ ಬರೆಸಿಕೊಳ್ಳುವುದು ಇದಕ್ಕಾಗಿಯೇ.

ಹೀಗೆ ಹುಟ್ಟಿದ ಅಡಮಾನ ದುರ್ಬಲವೇನಲ್ಲ. ಅದೇ ಆಸ್ತಿಯನ್ನು ಆಮೇಲೆ ನೋಂದಾಯಿತ ಪತ್ರದಿಂದ ಇನ್ನೊಬ್ಬರಿಗೆ ಅಡವಿಟ್ಟರೂ, ಮೊದಲಿನದಕ್ಕೇ ಆದ್ಯತೆ ಎಂದು ನೋಂದಣಿ ಕಾಯ್ದೆಯ 48ನೇ ಕಲಂ ಹೇಳುತ್ತದೆ. ತೊಂದರೆಗೆ ಸಿಲುಕುವವರು ಆಸ್ತಿ ಕೊಳ್ಳುವವರು. ಹಾಸನದ ಮನೆಯ ಕ್ರಯಪತ್ರವನ್ನು ಬೆಂಗಳೂರಿನ ಬ್ಯಾಂಕಿಗೆ ಒಪ್ಪಿಸಿ ಒಬ್ಬರು 40 ಲಕ್ಷ ಸಾಲ ಪಡೆದರು, ಮೆಮೊರಾಂಡಮ್ ನೋಂದಣಿಯಾಗಲಿಲ್ಲ ಎಂದಿಟ್ಟುಕೊಳ್ಳಿ. ‘ಒರಿಜಿನಲ್ ಕಳೆದುಹೋಗಿದೆ’ ಎಂದು ಅವರು ದೃಢೀಕೃತ ನಕಲು ಹಿಡಿದು ಮಾರಾಟಕ್ಕೆ ಬಂದರೆ, ಹಾಸನದ ಇ.ಸಿ. ಏನೂ ಹೇಳದು. ಸಾಲ ಮಾತ್ರ ಮನೆಯ ಬೆನ್ನಿಗೇ ಬರುತ್ತದೆ.

ಆದ್ದರಿಂದ ಮೂಲ ಪತ್ರಗಳನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ. ಕಳೆದಿದೆ ಎಂದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆಗಳನ್ನು ಕೇಳಿ. ಆದರೂ ಅವಷ್ಟೇ ಸಾಲವು, ಏಕೆಂದರೆ ಸುಳ್ಳು ದೂರನ್ನೂ ಕೊಡಬಹುದು. 2011ರಿಂದ ಇರುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಬ್ಯಾಂಕುಗಳು ಇಂಥ ಅಡಮಾನಗಳನ್ನು ದಾಖಲಿಸುತ್ತವೆ. ಶುಲ್ಕ ಕಟ್ಟಿ ಅಲ್ಲಿ ಯಾರು ಬೇಕಾದರೂ ಹುಡುಕಬಹುದು.

ಸಾಲ ತೀರಿಸಿದವರಿಗೂ ಕೆಲಸ ಉಳಿದಿರುತ್ತದೆ. ರಿಸರ್ವ್ ಬ್ಯಾಂಕಿನ 2023ರ ನಿಯಮದಂತೆ ಬ್ಯಾಂಕು 30 ದಿನದೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ತಡ ಅದರದ್ದೇ ಆದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಮೆಮೊರಾಂಡಮ್ ನೋಂದಣಿಯಾಗಿದ್ದರೆ ಪತ್ರ ಕೈಗೆ ಬಂದರಷ್ಟೇ ಸಾಲದು, ಸಾಲ ತೀರಿದ್ದಕ್ಕೆ ಬಿಡುಗಡೆ ಪತ್ರವನ್ನೂ ನೋಂದಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ತೀರಿದ ಸಾಲವೂ ಇ.ಸಿ.ಯಲ್ಲಿ ಬಾಕಿಯಂತೆಯೇ ಕಾಣುತ್ತಿರುತ್ತದೆ.