ದಾದಿಯ ಕರ್ತವ್ಯ ಮತ್ತು ಕಾನೂನು

ಆಸ್ಪತ್ರೆಯಲ್ಲಿ ರೋಗಿ ಗುಣಹೊಂದದಿದ್ದರೆ ಅದೆಲ್ಲವೂ ನಿರ್ಲಕ್ಷ್ಯವೆನಿಸುವುದಿಲ್ಲ. ಆರೈಕೆಯ ಹೊಣೆ ಹೊತ್ತವರು ಆ ವೃತ್ತಿಯವರಲ್ಲಿ ಸಹಜವಾಗಿ ಇರಬೇಕಾದ ಎಚ್ಚರಿಕೆಯನ್ನು ತಪ್ಪಿ, ಆ ತಪ್ಪಿನಿಂದಲೇ ರೋಗಿಗೆ ಹಾನಿಯಾಗಿದ್ದರೆ ಮಾತ್ರ ಕಾನೂನು ಅದನ್ನು ನಿರ್ಲಕ್ಷ್ಯವೆನ್ನುತ್ತದೆ. ಇದನ್ನು ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಮೊಕದ್ದಮೆಯಿಂದ ಚೆನ್ನಾಗಿ ತಿಳಿಯಬಹುದು.

1993ರ ಡಿಸೆಂಬರ್‌ನಲ್ಲಿ ವಿಷಮಶೀತ ಜ್ವರಕ್ಕೆಂದು ಒಬ್ಬ ಬಾಲಕನನ್ನು ಅಲ್ಲಿ ಸೇರಿಸಲಾಗಿತ್ತು. 30ನೆಯ ತಾರೀಖಿನಂದು ದಾದಿಯು ಒಂದು ಚುಚ್ಚುಮದ್ದನ್ನು ತರಲು ತಂದೆಗೆ ಹೇಳಿದಳು. ಅವರು ತಂದುಕೊಟ್ಟರು. ಅವಳು ಅದನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟೊಡನೆ ಮಗು ಕುಸಿಯಿತು, ಹೃದಯ ಸ್ತಬ್ಧವಾಯಿತು. ಪ್ರಾಣ ಉಳಿದರೂ ಮೆದುಳಿಗೆ ಶಾಶ್ವತ ಹಾನಿಯಾಯಿತು. ವೈದ್ಯರು ಬರೆದದ್ದು ಕ್ಲೋರಾಂಫೆನಿಕಾಲ್ ಎಂದೂ, ದಾದಿ ಅದನ್ನು ಕ್ಲೋರೋಕ್ವಿನ್ ಎಂದು ಓದಿಕೊಂಡಳೆಂದೂ ವಿಚಾರಣೆಯಲ್ಲಿ ಹೇಳಲಾಯಿತು. ಮೊದಲನೆಯದು ವಿಷಮಶೀತ ಜ್ವರದ ಔಷಧ, ಎರಡನೆಯದು ಮಲೇರಿಯಾದ್ದು. ಕ್ಲೋರೋಕ್ವಿನ್ ರಕ್ತನಾಳಕ್ಕೆ ವೇಗವಾಗಿ ಸೇರಿದರೆ ರಕ್ತದೊತ್ತಡ ಕುಸಿದು ಹೃದಯ ನಿಲ್ಲಬಹುದು.

ಈ ಪ್ರಕರಣದಲ್ಲಿ ದೋಷ ದಾದಿಯೊಬ್ಬಳದೇ ಆಗಿರಲಿಲ್ಲ. ಅವಳು ಯಾವ ರಾಜ್ಯದ ದಾದಿಯರ ಮಂಡಳಿಯಲ್ಲಿಯೂ ನೋಂದಣಿ ಪಡೆದವಳಲ್ಲವೆಂದು ಕಂಡುಬಂದಿತು. ಅಂಥವಳನ್ನು ನೇಮಿಸಿದ್ದು ಆಸ್ಪತ್ರೆ. ತಾನೇ ಮಾಡಬೇಕಾಗಿದ್ದ ಕೆಲಸವನ್ನು ಅವಳಿಗೆ ಬಿಟ್ಟದ್ದು ಅಲ್ಲಿನ ವೈದ್ಯ. ಆದ್ದರಿಂದ ಮಗುವಿಗೆ 12.5 ಲಕ್ಷ ಮತ್ತು ತಂದೆತಾಯಿಗಳಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂಬ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ಎತ್ತಿಹಿಡಿಯಿತು.

ದಾದಿಯ ಅಧಿಕಾರದ ಎಲ್ಲೆಯೂ ಇಲ್ಲಿ ಗೋಚರಿಸುತ್ತದೆ. ವೈದ್ಯರು ಬರೆದ ಔಷಧವನ್ನು ಕೊಡುವುದು ಅವಳ ಕೆಲಸ. ಅಸ್ಪಷ್ಟವಾದುದನ್ನು ಊಹಿಸಿ ಓದುವುದು ಅವಳ ಕೆಲಸವಲ್ಲ. ಬರಹ ತಿಳಿಯದಿದ್ದರೆ, ಅಥವಾ ರೋಗಕ್ಕೂ ಔಷಧಕ್ಕೂ ಹೊಂದಿಕೆ ಕಾಣದಿದ್ದರೆ, ಬರೆದವರನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು. ತನಗೆ ತರಬೇತಿಯಿಲ್ಲದ ಕೆಲಸವನ್ನು ವೈದ್ಯರೇ ಒಪ್ಪಿಸಿದರೂ ಆಗದೆಂದು ತಿಳಿಸುವುದು ಅವಳ ಕರ್ತವ್ಯವೇ ಹೊರತು ಅವಿಧೇಯತೆಯಲ್ಲ.

ಔಷಧವನ್ನು ತಂದೆಯೇ ತಂದುಕೊಟ್ಟರಲ್ಲ, ಅದು ಒಪ್ಪಿಗೆಯಾಗಲಿಲ್ಲವೇ ಎಂದು ಕೆಲವರು ಕೇಳಬಹುದು. ಎಳೆಯ ಮಗುವಿನ ಪರವಾಗಿ ಒಪ್ಪಿಗೆ ಕೊಡುವವರು ಪೋಷಕರೇ, ನಿಜ. ಆದರೆ ಅವರು ಒಪ್ಪುವುದು ಸರಿಯಾದ ಚಿಕಿತ್ಸೆಗೆ, ಅಜಾಗರೂಕತೆಗಲ್ಲ. ಎಷ್ಟೇ ಕಾಗದಗಳಿಗೆ ರುಜು ಹಾಕಿಸಿಕೊಂಡರೂ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲ. ಪ್ರಾಪ್ತವಯಸ್ಕರ ವಿಷಯದಲ್ಲಿ ಒಪ್ಪಿಗೆಯನ್ನು ಅವರೇ ಕೊಡಬೇಕು. ಪರೀಕ್ಷೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು ಅವರ ತಾಯಿಯನ್ನು ಮಾತ್ರ ಕೇಳಿ ತೆಗೆದುಹಾಕಿದ್ದು ತಪ್ಪೆಂದು ಅದೇ ನ್ಯಾಯಾಲಯವು 2008ರಲ್ಲಿ ಹೇಳಿತು. ಪ್ರಾಣಾಪಾಯವಿದ್ದು, ರೋಗಿ ಎಚ್ಚರಗೊಳ್ಳುವವರೆಗೆ ಕಾಯಲಾಗದ ಸಂದರ್ಭ ಮಾತ್ರ ಇದಕ್ಕೆ ಹೊರತು.

ನಮ್ಮ ಮನೆಯವರು ಆಸ್ಪತ್ರೆಯಲ್ಲಿರುವಾಗ ಚುಚ್ಚುಮದ್ದಿಗೆ ಮುನ್ನ ಔಷಧದ ಹೆಸರೇನು, ಯಾವ ರೋಗಕ್ಕೆ, ಬರೆದವರು ಯಾರು ಎಂದು ವಿನಯದಿಂದ ಕೇಳಬಹುದು. ತರಬೇತಾದ ದಾದಿಗೆ ಅದರಿಂದ ಬೇಸರವಾಗದು. ಅವಳೂ ಸೀಸೆಯ ಮೇಲಿನ ಹೆಸರನ್ನು ಚೀಟಿಯೊಡನೆ ಇನ್ನೊಮ್ಮೆ ಹೋಲಿಸಿ ನೋಡುವಳು.