ಮನೆಯೊಳಗಿನ ಪಾರ್ಲರ್: ಪರವಾನಗಿ, ಮೀಟರ್, ಪಕ್ಕದ ಮನೆ

ಮುಂದಿನ ಕೋಣೆಗೆ ಕನ್ನಡಿ, ಕುರ್ಚಿ, ವ್ಯಾಕ್ಸ್ ಹೀಟರ್ ಬಂದರೆ ಪಾರ್ಲರ್ ಶುರುವಾಯಿತು ಎಂದು ಬೆಂಗಳೂರಿನ ಬಡಾವಣೆಗಳಲ್ಲಿ ಅನೇಕರು ಅಂದುಕೊಳ್ಳುತ್ತಾರೆ. ಪಾಲಿಕೆಯ ಕಣ್ಣಿಗೆ ಅದು ಉದ್ದಿಮೆ. ಬರುವವರು ಬೀದಿಯ ಪರಿಚಿತ ಹೆಂಗಸರೇ ಆಗಿದ್ದರೂ ಉದ್ದಿಮೆ ಪರವಾನಗಿ ಬೇಕು. ಅದನ್ನು ಕೊಡುವುದು ಪಾಲಿಕೆಯ ಆರೋಗ್ಯ ವಿಭಾಗ. ಹಾಗಾಗಿ ನೈರ್ಮಲ್ಯದ ತಪಾಸಣೆಯೂ ಇದೇ ಅರ್ಜಿಯೊಳಗೇ ಸೇರಿದೆ.

ಮೊದಲು ಅಳೆಯಬೇಕಾದದ್ದು ಕೋಣೆ. ನಗರದ 2015ರ ಪರಿಷ್ಕೃತ ಮಹಾಯೋಜನೆಯಂತೆ, ವಸತಿ ವಲಯದ ಕಟ್ಟಡದಲ್ಲಿ ಪೂರಕ ಬಳಕೆಗೆ ಸಿಗುವುದು ಒಟ್ಟು ಕಟ್ಟಡ ವಿಸ್ತೀರ್ಣದ ಶೇ. 20 ಅಥವಾ 50 ಚದರ ಮೀಟರ್, ಯಾವುದು ಕಡಿಮೆಯೋ ಅಷ್ಟು. ಸಾವಿರ ಚದರ ಅಡಿಯ ಮನೆಯಾದರೆ 200 ಚದರ ಅಡಿ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ 120 ಆಯಿತು, ಮಿತಿಯೊಳಗೇ ಇದೆ. ಹಾಲನ್ನೂ ಸೇರಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ರಸ್ತೆಯ ಅಗಲವೂ ಪ್ರಶ್ನೆಯಾಗುವುದರಿಂದ, ಕುರ್ಚಿ ಕೊಳ್ಳುವ ಮೊದಲೇ ವಾರ್ಡಿನ ಆರೋಗ್ಯ ಕಚೇರಿಯಲ್ಲಿ ಕೇಳುವುದು ಜಾಣತನ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ.

ಜನ ಮರೆಯುವುದು ವಿದ್ಯುತ್ ಮೀಟರನ್ನು. ಗೃಹಬಳಕೆಯ ಸಂಪರ್ಕವನ್ನು ಆ ದರದಲ್ಲಿ ಅನುಮತಿಯಿಲ್ಲದ ಉದ್ದೇಶಕ್ಕೆ ಬಳಸಿ ಸಿಕ್ಕಿಬಿದ್ದರೆ, 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಎರಡು ಪಟ್ಟು ದರ ಬೀಳುತ್ತದೆ. ಎಂದಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೂ ಲೆಕ್ಕ ಹಾಕಬಹುದು. ಮನೆಯೊಳಗಿನ ಪಾರ್ಲರ್‌ಗೆ ಯಾವ ದರ ಅನ್ವಯಿಸುತ್ತದೆ, ಬೇರೆ ಮೀಟರ್ ಬೇಕೇ ಎಂದು ವಿದ್ಯುತ್ ಕಚೇರಿಯಲ್ಲಿ ಮೊದಲೇ ಕೇಳಿಕೊಂಡರೆ ಗೊಂದಲವಿಲ್ಲ. ಆಸ್ತಿ ತೆರಿಗೆಯಲ್ಲೂ ಆ ಕೋಣೆಯನ್ನು ವಸತಿಯೇತರ ಎಂದೇ ತೋರಿಸಬೇಕು.

ನೈರ್ಮಲ್ಯದಲ್ಲಿ ಎಡವುವುದು ಸಣ್ಣ ಕೆಲಸಗಳಲ್ಲಿ. ಹುಬ್ಬು ತೆಗೆಯುವಾಗ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ಇನ್ನೂ ಇದೆ. ಕುತ್ತಿಗೆಗೆ ಕಟ್ಟಿಕೊಂಡರೆ ಎಂಜಲು ತಾಗುವುದಿಲ್ಲ. ವ್ಯಾಕ್ಸಿನ ಡಬ್ಬಕ್ಕೆ ಒಮ್ಮೆ ಬಳಸಿದ ಕಡ್ಡಿಯನ್ನು ಮತ್ತೆ ಅದ್ದಬಾರದು. ನೀಲಿ ದೀಪದ ಪೆಟ್ಟಿಗೆಯನ್ನು ನಂಬಿ ಕೂರುವವರಿದ್ದಾರೆ. ತೊಳೆಯದ ಕತ್ತರಿಯನ್ನು ಅದರಲ್ಲಿಟ್ಟರೆ ಕೊಳೆಯ ಮರೆಯಲ್ಲಿರುವ ಸೋಂಕಿಗೆ ಬೆಳಕೇ ತಾಗುವುದಿಲ್ಲ. ಬ್ಲೇಡು ಒಬ್ಬರಿಗೆ ಒಂದೇ. ಬಳಸಿದ್ದನ್ನು ಗಟ್ಟಿ ಡಬ್ಬದಲ್ಲಿ ಹಾಕಿಟ್ಟರೆ ಕಸ ಎತ್ತುವವರ ಕೈ ಕುಯ್ಯುವುದಿಲ್ಲ.

ಪಕ್ಕದ ಮನೆಯವರ ದೂರು ಹೆಚ್ಚಾಗಿ ಚರಂಡಿಯಿಂದಲೇ ಹುಟ್ಟುತ್ತದೆ. ಕೂದಲು, ವ್ಯಾಕ್ಸ್ ಸೇರಿ ಸಾಮೂಹಿಕ ಪೈಪು ಕಟ್ಟಿಕೊಂಡರೆ ನೀರು ಉಕ್ಕುವುದು ಕೆಳಗಿನ ಮನೆಯ ಬಚ್ಚಲಲ್ಲಿ. ಸಿಂಕಿನ ಬಾಯಿಗೆ ಜಾಲರಿ ಹಾಕಿ, ಮಿಕ್ಕ ವ್ಯಾಕ್ಸನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಇನ್ನೊಂದು, ಹೇರ್ ಕಲರಿನ ಅಮೋನಿಯಾ ವಾಸನೆ. ಎಕ್ಸಾಸ್ಟ್ ಫ್ಯಾನ್ ಡಕ್ಟಿನ ಕಡೆ ತಿರುಗಿದ್ದರೆ ಅದು ಮೇಲಿನ ಮನೆಯ ಅಡುಗೆಕೋಣೆ ಸೇರುತ್ತದೆ. ಮದುವೆ ಕಾಲದಲ್ಲಿ ಗೇಟಿಗೆ ಅಡ್ಡ ನಿಲ್ಲುವ ಸ್ಕೂಟರುಗಳಿಗೆ ಇರುವ ಮದ್ದು, ಮುಂಚೆಯೇ ಸಮಯ ಕೊಟ್ಟು ಒಬ್ಬೊಬ್ಬರನ್ನೇ ಕರೆಯುವುದು.

ಅಪಾರ್ಟ್‌ಮೆಂಟಿನಲ್ಲಿರುವವರು ಸಂಘದ ಬೈಲಾ ಓದಿಯೇ ಮುಂದುವರಿಯಬೇಕು. ಫ್ಲ್ಯಾಟು ವಾಸಕ್ಕೆ ಮಾತ್ರ ಎಂದು ಅದರಲ್ಲಿದ್ದರೆ, ಕೈಯಲ್ಲಿ ಪಾಲಿಕೆಯ ಪರವಾನಗಿ ಇದ್ದರೂ ಸಂಘ ತಕರಾರು ತೆಗೆಯಬಹುದು.