ಕ್ಯಾಮೆರಾ ಕಾಣದ ಸುಲ್ತಾನ

ತಲೆಗೆ ಬಿಗಿದು ಸುತ್ತಿದ ಮುಂಡಾಸು, ನರೆತ ಗಡ್ಡ, ಬಿಳಿಯ ನಿಲುವಂಗಿಯ ಮೇಲೆ ಗಾಢವರ್ಣದ ಉದ್ದನೆಯ ಮೇಲಂಗಿ, ನೋಡುಗನನ್ನೇ ಅಳೆಯುವಂತೆ ದಿಟ್ಟಿಸುವ ಕಣ್ಣುಗಳು. ಈ ಗಂಭೀರ ಕಪ್ಪು-ಬಿಳುಪು ಭಾವಚಿತ್ರ 'ಟಿಪ್ಪು ಸುಲ್ತಾನನ ನಿಜವಾದ ಫೋಟೋ' ಎಂಬ ಅಡಿಬರಹ ಹೊತ್ತು ಮೊಬೈಲಿನಿಂದ ಮೊಬೈಲಿಗೆ ಹಲವು ಬಾರಿ ಸಂಚರಿಸಿದೆ. ಚಿತ್ರ ಅಪ್ಪಟ, ಅದರಲ್ಲಿರುವ ವ್ಯಕ್ತಿಯೂ ಚರಿತ್ರೆಯಲ್ಲಿ ಪ್ರಸಿದ್ಧ. ಆದರೆ ಆತ ಮೈಸೂರಿನ ಹುಲಿಯಲ್ಲ. ಹಾಗಾದರೆ ಯಾರು? ಉತ್ತರ ಆ ಚಿತ್ರದೊಳಗೇ ಇದೆ.

ಹಳೆಯ ಭಾವಚಿತ್ರ ಕೈಗೆ ಬಂದಾಗ ನಮ್ಮ ಕಣ್ಣು ಮೊದಲು ಹೋಗುವುದು ಮುಖದತ್ತ. ಪರಿಣತರು ಮುಖವನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಅವರ ಮೊದಲ ಪ್ರಶ್ನೆ ಕಾಲದ್ದು: ಈ ವ್ಯಕ್ತಿಯ ಎದುರು ಕ್ಯಾಮೆರಾ ನಿಂತಿರಲು ಸಾಧ್ಯವಿತ್ತೇ? ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಫ್ರಾನ್ಸಿನ ದಗೇರ್ ತನ್ನ ಛಾಯಾಗ್ರಹಣ ವಿಧಾನವನ್ನು ಜಗತ್ತಿನ ಮುಂದಿಟ್ಟದ್ದು 1839ರಲ್ಲಿ. ನಡುವಿನ ನಲವತ್ತು ವರ್ಷಗಳ ಕಂದಕವನ್ನು ಯಾವ ಅಡಿಬರಹವೂ ದಾಟಲಾರದು. 1829ರಲ್ಲಿ ತೀರಿಕೊಂಡ ಕಿತ್ತೂರು ಚೆನ್ನಮ್ಮನ 'ಫೋಟೋ' ಎಂದು ಯಾರಾದರೂ ತೋರಿಸಿದರೂ ಇದೇ ಲೆಕ್ಕ ಸಾಕು.

ಇಲ್ಲೊಂದು ಎಚ್ಚರ ಬೇಕು. ವರ್ಣಚಿತ್ರವನ್ನೋ ಮುದ್ರಿತ ಕೆತ್ತನೆಯನ್ನೋ ಕ್ಯಾಮೆರಾದಲ್ಲಿ ಸೆರೆಹಿಡಿದರೆ, ಕ್ಯಾಮೆರಾಕ್ಕಿಂತ ಮೊದಲೇ ಬಾಳಿದವರೂ 'ಫೋಟೋ'ದಲ್ಲಿ ಕಾಣಿಸಿಕೊಳ್ಳುತ್ತಾರೆ. ಹಿಗ್ಗಿಸಿ ನೋಡಿದರೆ ಭೇದ ತಿಳಿಯುತ್ತದೆ. ಕೆತ್ತನೆಯಲ್ಲಿ ನೆರಳೆಂಬುದು ಸಣ್ಣ ಗೆರೆಗಳ ಹೆಣಿಗೆ. ವರ್ಣಚಿತ್ರದಲ್ಲಿ ಕುಂಚದ ಜಾಡು ಉಳಿದಿರುತ್ತದೆ. ನಮ್ಮ ಚಿತ್ರದಲ್ಲಿ ಅವೆರಡೂ ಇಲ್ಲ. ಚರ್ಮದ ಸುಕ್ಕು, ಬಟ್ಟೆಯ ಮಡಿಕೆ, ಗಡ್ಡದ ಕೂದಲು ಎಲ್ಲವೂ ಬೆಳಕಿನಿಂದಲೇ ಮೂಡಿವೆ. ಅಂದರೆ ಜೀವಂತ ವ್ಯಕ್ತಿಯೊಬ್ಬ ಮಸೂರದ ಮುಂದಿದ್ದ. ಆತ 1839ರ ನಂತರವೂ ಬದುಕಿದ್ದವನು.

ಇನ್ನು ಉಡುಪಿನ ಸಾಕ್ಷ್ಯ. ಬಣ್ಣದ ವಿಷಯದಲ್ಲಿ ಅವಸರ ಸಲ್ಲದು. ಹತ್ತೊಂಬತ್ತನೆಯ ಶತಮಾನದ ಫೋಟೋ ಫಲಕಗಳು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದವು, ಕೆಂಪಿಗೆ ಬಹುತೇಕ ಕುರುಡಾಗಿದ್ದವು. ಹಾಗಾಗಿ ಕಡುಗೆಂಪು ಬಟ್ಟೆಯೂ ಚಿತ್ರದಲ್ಲಿ ಕಪ್ಪಾಗಿ ಕಾಣಬಹುದು, ನೀಲಿ ಬಟ್ಟೆ ಬಿಳಿಚಿಕೊಳ್ಳಬಹುದು. ಆದ್ದರಿಂದ ನಂಬಬೇಕಾದದ್ದು ಹೊಲಿಗೆಯನ್ನು, ಉಡುವ ಕ್ರಮವನ್ನು. ಪಾದದವರೆಗೆ ಇಳಿಯುವ ಬಿಳಿ ಅಂಗಿ ಪೂರ್ವ ಆಫ್ರಿಕಾದ ಕರಾವಳಿಯವರು 'ಕಾಂಜು' ಎಂದು ಕರೆಯುವ ಉಡುಪು. ಅದರ ಮೇಲಿನ, ಮುಂಭಾಗ ತೆರೆದ ಮೇಲಂಗಿ 'ಜೋಹೊ', ಒಮಾನಿ ಅರಬ್ ಗಣ್ಯರ ಅಂತಸ್ತಿನ ಗುರುತು. ಮುಂಡಾಸಿನ ಸುತ್ತೂ ಒಮಾನಿನದೇ. ಮೈಸೂರಿನ ದರ್ಬಾರಿನಲ್ಲಿ ಕಾಣುತ್ತಿದ್ದ, ಸೊಂಟಕ್ಕೆ ಪಟ್ಟಿ ಬಿಗಿದ ಜಾಮಾ ಇಲ್ಲಿಲ್ಲ.

ಉಡುಪು ಹೀಗೆ ನಮ್ಮನ್ನು ಹಿಂದೂ ಮಹಾಸಾಗರದಾಚೆಯ ಜಂಜಿಬಾರ್ ದ್ವೀಪಕ್ಕೆ ಕರೆದೊಯ್ಯುತ್ತದೆ. ಆಗ ಅದು ಒಮಾನಿ ಮೂಲದ ಸುಲ್ತಾನರ ನಾಡು, ದಂತ ಮತ್ತು ಗುಲಾಮರ ವ್ಯಾಪಾರದ ಮಹಾಪೇಟೆ. ಆ ಶತಮಾನದ ಉತ್ತರಾರ್ಧದಲ್ಲಿ ಗೋವಾ ಮೂಲದ ಛಾಯಾಗ್ರಾಹಕರೂ ಅಲ್ಲಿ ಸ್ಟುಡಿಯೋ ತೆರೆದಿದ್ದರು. ಕಾಲ, ದೇಶ, ಅಂತಸ್ತು ಮೂರೂ ಕೂಡಿದ ಮೇಲೆ ಮುಖದ ಸರದಿ. ಗುರುತು ಖಚಿತವಾಗಿರುವ ಇತರ ಭಾವಚಿತ್ರಗಳೊಡನೆ ಹೋಲಿಸಿದಾಗ ಹೊಮ್ಮುವ ಹೆಸರು ಹಮದ್ ಬಿನ್ ಮುಹಮ್ಮದ್ ಅಲ್ ಮುರ್ಜಬಿ. ಕಾಂಗೋ ಕಾಡುಗಳವರೆಗೆ ತನ್ನ ವ್ಯಾಪಾರ ಚಾಚಿದ ಈತ 1876ರಲ್ಲಿ ಅನ್ವೇಷಕ ಸ್ಟ್ಯಾನ್ಲಿಯನ್ನು ಎದುರುಗೊಂಡವನು, ಸ್ವಾಹಿಲಿಯಲ್ಲಿ ಆತ್ಮಕಥೆ ಬರೆದವನು, 1905ರಲ್ಲಿ ಜಂಜಿಬಾರಿನಲ್ಲಿ ಮಡಿದವನು. ಜನ ಅವನನ್ನು ಕರೆದ ಅಡ್ಡಹೆಸರು 'ಟಿಪ್ಪು ಟಿಪ್'. ಅದು ಬಂದೂಕಿನ ಸದ್ದಿನ ಅನುಕರಣೆ ಎಂಬ ವಿವರಣೆಯುಂಟು. ನಮ್ಮ ಸುಲ್ತಾನನ ಹೆಸರಾದರೋ ಆರ್ಕಾಟಿನ ಸಂತ ಟಿಪ್ಪು ಮಸ್ತಾನರಿಂದ ಬಂದದ್ದು. ಹೆಸರಿನ ಎರಡೇ ಅಕ್ಷರಗಳ ಸಾಮ್ಯ ಇಬ್ಬರನ್ನು ಒಂದಾಗಿಸಿತು.

ಇಂದಿಗೂ ಅಡಿಬರಹ ಮರಳಿ ಮರಳಿ ಬರುತ್ತಿದೆ. ಸುಲ್ತಾನನ ಚಹರೆ ಬೇಕಾದವರು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಭಿತ್ತಿಚಿತ್ರಗಳ ಮುಂದೆ ನಿಲ್ಲಬಹುದು. 1780ರ ಪೊಳ್ಳಿಲೂರು ಕದನವನ್ನು ಚಿತ್ರಿಸಿದ ಆ ಗೋಡೆಯ ಮೇಲೆ ಟಿಪ್ಪುವಿಗೆ ಮೀಸೆಯಿದೆ, ಗಡ್ಡವಿಲ್ಲ. ಅವನು ಸತ್ತಾಗ ಐವತ್ತೂ ತುಂಬಿರಲಿಲ್ಲ. ಫೋಟೋದಲ್ಲಿರುವ ನರೆತ ಗಡ್ಡದ ವೃದ್ಧನನ್ನು ಅವನೊಡನೆ ಬೆರೆಸದಿರಲು ಆ ಗೋಡೆಯನ್ನೊಮ್ಮೆ ನೋಡಿದ್ದರೂ ಸಾಕಿತ್ತು.